ಬ್ಯಾಂಕ್ ಗ್ಯಾರಂಟಿ ಕೇಳುವ ಪತ್ರ: ಮೊತ್ತ, ಅವಧಿ ಮತ್ತು ಹೆಸರು

ಬ್ಯಾಂಕಿನ ಸಾಲ ವಿಭಾಗದ ಮೇಜಿನಲ್ಲಿ ನಾನು ಕಳೆದ ವರ್ಷಗಳಲ್ಲಿ ಅತಿ ಹೆಚ್ಚು ಗಡಿಬಿಡಿ ಕಂಡಿದ್ದು ಬ್ಯಾಂಕ್ ಗ್ಯಾರಂಟಿ ಕೇಳಿಕೊಂಡು ಬಂದವರಲ್ಲಿ. ಸಾಲ ಕೇಳುವವರಿಗೆ ನಾಲ್ಕು ದಿನ ತಡವಾದರೂ ನಡೆಯುತ್ತದೆ. ಗುತ್ತಿಗೆದಾರರು ಮಾತಿಗೆ ತಪ್ಪಿದರೆ ಇಲಾಖೆಗೆ ಹಣ ನಾವು ಕೊಡುತ್ತೇವೆ ಎಂದು ಬ್ಯಾಂಕು ಬರೆದುಕೊಡುವ ಗ್ಯಾರಂಟಿಗೆ ಹಾಗಲ್ಲ, ಕೊನೆಯ ದಿನ ನಿಗದಿಯಾಗಿರುತ್ತದೆ. ಆ ದಿನದೊಳಗೆ ಕಾಗದ ಇಲಾಖೆಯ ಕೈ ಸೇರದಿದ್ದರೆ ಗೆದ್ದ ಟೆಂಡರ್ ಕೈತಪ್ಪುತ್ತದೆ, ಟೆಂಡರ್ ಜೊತೆ ಕಟ್ಟಿದ ಮುಂಗಡ ಠೇವಣಿಯೂ ಮುಟ್ಟುಗೋಲಾಗಬಹುದು. ಇಷ್ಟೆಲ್ಲ ತಲೆಯ ಮೇಲಿರುವಾಗ ಗುತ್ತಿಗೆದಾರರು ತರುತ್ತಿದ್ದ ಮನವಿ ಪತ್ರ ಮಾತ್ರ ಎರಡೇ ಸಾಲಿನದು: "ನಮಗೆ ಎಂಟು ಲಕ್ಷಕ್ಕೆ ಬಿ.ಜಿ. ಬೇಕಾಗಿದೆ, ದಯವಿಟ್ಟು ಕೊಡಿ."

ಆ ಎರಡು ಸಾಲಿನಿಂದ ಬ್ಯಾಂಕಿಗೆ ಏನೂ ತಿಳಿಯುವುದಿಲ್ಲ. ಯಾರ ಹೆಸರಿಗೆ? ಯಾವ ದಿನದವರೆಗೆ? ಯಾವ ಒಪ್ಪಂದಕ್ಕೆ? ಗುಮಾಸ್ತರು ಟೆಂಡರ್ ಕಡತ ತಿರುವಿಹಾಕಿ ಊಹೆಯ ಮೇಲೆ ಬೆರಳಚ್ಚು ಮಾಡುತ್ತಾರೆ, ಇಲಾಖೆ ಅದನ್ನು ತಿರಸ್ಕರಿಸುತ್ತದೆ, ಮತ್ತೆ ಹೊಸ ಛಾಪಾ ಕಾಗದ, ಮತ್ತೆ ಓಡಾಟ. ಇದನ್ನು ತಪ್ಪಿಸಲು ಬೇಕಾದದ್ದು ಮೊದಲ ದಿನವೇ ಸರಿಯಾಗಿ ಬರೆದ ಒಂದು ಪುಟದ ಪತ್ರ. ಅದನ್ನು ಹೇಗೆ ಬರೆಯಬೇಕೆಂದು ಒಂದು ಉದಾಹರಣೆಯ ಲೆಕ್ಕದೊಂದಿಗೆ ಹೇಳುತ್ತೇನೆ. ಲೆಕ್ಕದ ಅಂಕಿಗಳು ವಿವರಣೆಗಾಗಿ ಇಟ್ಟುಕೊಂಡವು, ಆದರೆ ದಾರಿ ನಿಜವಾದದ್ದೇ.

ಮೂವರ ನಡುವಿನ ಮಾತು

ಗ್ಯಾರಂಟಿಯಲ್ಲಿ ಮೂವರಿರುತ್ತಾರೆ. 1872ರ ಭಾರತೀಯ ಒಪ್ಪಂದ ಕಾಯ್ದೆಯ 126ನೇ ಕಲಮಿನಲ್ಲೇ ಈ ಮೂವರ ಪ್ರಸ್ತಾಪವಿದೆ: ಹೊಣೆ ನಿಲ್ಲುವವನು, ಯಾರ ಪರವಾಗಿ ಹೊಣೆ ನಿಲ್ಲುತ್ತಾನೋ ಅವನು, ಯಾರಿಗೆ ಮಾತು ಕೊಡುತ್ತಾನೋ ಅವನು. ನಮ್ಮ ವಿಷಯದಲ್ಲಿ ಬ್ಯಾಂಕು, ಗುತ್ತಿಗೆದಾರರು ಮತ್ತು ಕೆಲಸ ಕೊಟ್ಟ ಇಲಾಖೆ. ಇಲಾಖೆಯನ್ನು ಬ್ಯಾಂಕಿನ ಭಾಷೆಯಲ್ಲಿ ಫಲಾನುಭವಿ ಎನ್ನುತ್ತಾರೆ.

ಊರಿನಲ್ಲಿ ಪರಿಚಯದವರಿಗೆ ಜಾಮೀನು ನಿಂತ ಹಾಗೆಯೇ ಇದೂ ಎಂದುಕೊಂಡರೆ ತಪ್ಪಾಗುತ್ತದೆ. ಊರಿನ ಜಾಮೀನಿನಲ್ಲಿ "ಮೊದಲು ಅವನನ್ನು ಕೇಳಿ, ಅವನು ಕೊಡದಿದ್ದರೆ ನನ್ನ ಹತ್ತಿರ ಬನ್ನಿ" ಎನ್ನಬಹುದು. ಇಲಾಖೆಗಳು ಕೇಳುವ ಬ್ಯಾಂಕ್ ಗ್ಯಾರಂಟಿಯಲ್ಲಿ ಆ ಮಾತಿಗೆ ಜಾಗವಿಲ್ಲ. "ಕೇಳಿದ ಕೂಡಲೇ, ತಕರಾರಿಲ್ಲದೆ, ಗುತ್ತಿಗೆದಾರರ ಆಕ್ಷೇಪಣೆಯನ್ನು ಲೆಕ್ಕಿಸದೆ ಕೊಡುತ್ತೇವೆ" ಎಂದು ಬ್ಯಾಂಕು ಬರೆದುಕೊಡುತ್ತದೆ. ಇಲಾಖೆ ಮತ್ತು ಗುತ್ತಿಗೆದಾರರ ಜಗಳದಲ್ಲಿ ಯಾರದು ಸರಿ ಎಂದು ವಿಚಾರಿಸುವ ಅಧಿಕಾರ ಬ್ಯಾಂಕಿಗಿಲ್ಲ. ನ್ಯಾಯಾಲಯಗಳೂ ಇದರಲ್ಲಿ ಬಿಗಿಯಾಗಿವೆ. ಉತ್ತರ ಪ್ರದೇಶ ಸಹಕಾರಿ ಒಕ್ಕೂಟ ಮತ್ತು ಸಿಂಗ್ ಕನ್ಸಲ್ಟೆಂಟ್ಸ್ ನಡುವಿನ ಪ್ರಕರಣದಿಂದ ಹಿಡಿದು ಇಲ್ಲಿಯವರೆಗೆ ಸುಪ್ರೀಂ ಕೋರ್ಟ್ ಹೇಳುತ್ತ ಬಂದಿರುವುದು ಒಂದೇ: ಗ್ಯಾರಂಟಿಯ ಬುಡವನ್ನೇ ಅಲುಗಾಡಿಸುವಂಥ ಘೋರ ವಂಚನೆ ನಡೆದಿದ್ದರೆ ಅಥವಾ ಮುಂದೆ ಸರಿಪಡಿಸಲು ಸಾಧ್ಯವೇ ಇಲ್ಲದ ಅನ್ಯಾಯವಾಗುವಂತಿದ್ದರೆ ಮಾತ್ರ ಹಣ ಪಾವತಿಗೆ ತಡೆ ಸಿಗುತ್ತದೆ. ಬಿಲ್ ಬಾಕಿ ಇದೆ, ಜಾಗ ತಡವಾಗಿ ಕೊಟ್ಟರು, ಮಳೆ ಬಂತು ಎಂಬ ಕಾರಣಗಳಿಗೆ ತಡೆ ಸಿಗುವುದಿಲ್ಲ. ಅವುಗಳನ್ನು ಹಣ ಹೋದ ಮೇಲೆ ಇಲಾಖೆಯ ಜೊತೆ ಮಧ್ಯಸ್ಥಗಾರರ ಮುಂದೋ ನ್ಯಾಯಾಲಯದಲ್ಲೋ ಬಗೆಹರಿಸಿಕೊಳ್ಳಬೇಕು.

ಆದ್ದರಿಂದ ಬ್ಯಾಂಕು ಗ್ಯಾರಂಟಿಯನ್ನು ಇನ್ನೂ ಕೈಯಿಂದ ಹೋಗದ ಸಾಲವೆಂದೇ ಭಾವಿಸುತ್ತದೆ. ನಿಮಗೆ ಈಗಾಗಲೇ ಗ್ಯಾರಂಟಿ ಮಿತಿ ಮಂಜೂರಾಗಿದ್ದರೆ, ಮೊತ್ತದ ಒಂದು ಪಾಲನ್ನು ಮಾರ್ಜಿನ್ ಆಗಿ ನಿಶ್ಚಿತ ಠೇವಣಿಯಲ್ಲಿಟ್ಟು ಉಳಿದದ್ದಕ್ಕೆ ಆಸ್ತಿಯ ಅಡಮಾನ ಕೊಟ್ಟಿರುತ್ತೀರಿ. ಮಿತಿ ಇಲ್ಲದಿದ್ದರೆ ಬ್ಯಾಂಕು ಸಾಮಾನ್ಯವಾಗಿ ಪೂರ್ತಿ ಮೊತ್ತಕ್ಕೆ ಠೇವಣಿ ಕೇಳುತ್ತದೆ. ಪೂರ್ತಿ ಠೇವಣಿ ಇಟ್ಟವರಿಗೆ ಹಲವು ಬ್ಯಾಂಕುಗಳಲ್ಲಿ ಕಮಿಷನ್ ಕಡಿಮೆ. ಅದನ್ನು ಕೇಳಿ ಪಡೆಯಬೇಕು, ತಾನಾಗಿ ಬರುವುದಿಲ್ಲ. ಹೊಸ ಮಿತಿಯ ಮಂಜೂರಾತಿಗೆ ಬ್ಯಾಲೆನ್ಸ್ ಶೀಟು, ಆಸ್ತಿಯ ಮೌಲ್ಯಮಾಪನ, ವಕೀಲರ ವರದಿ ಎಂದು ವಾರಗಳೇ ಹಿಡಿಯುತ್ತವೆ. ಟೆಂಡರ್ ನಿಮಗೇ ಸಿಕ್ಕಿದೆ ಎಂದು ಇಲಾಖೆ ಕೊಡುವ ಸ್ವೀಕೃತಿ ಪತ್ರ ಕೈಗೆ ಬಂದ ಮೇಲೆ ಆ ದಾರಿ ಹಿಡಿದರೆ ಗಡುವಿನೊಳಗೆ ಮುಗಿಯುವುದಿಲ್ಲ, ಟೆಂಡರ್ ಹಾಕುವ ಮೊದಲೇ ಹಿಡಿಯಬೇಕು.

ಮೊತ್ತ

ಉದಾಹರಣೆಗೆ ಬರೋಣ. ತಾಲ್ಲೂಕು ಕೇಂದ್ರವೊಂದರಲ್ಲಿ ವಿದ್ಯಾರ್ಥಿನಿಲಯದ ಕಟ್ಟಡ. ಒಪ್ಪಂದದ ಮೊತ್ತ 1 ಕೋಟಿ 60 ಲಕ್ಷ ರೂಪಾಯಿ. ಸ್ವೀಕೃತಿ ಪತ್ರ ಗುತ್ತಿಗೆದಾರರ ಕೈಗೆ ಬಂದದ್ದು 2025ರ ಜೂನ್ 10ರಂದು. ಟೆಂಡರ್ ದಾಖಲೆ ಹೇಳುವಂತೆ 20 ದಿನದೊಳಗೆ, ಅಂದರೆ ಜೂನ್ 30ರೊಳಗೆ, ಒಪ್ಪಂದ ಮೊತ್ತದ ಶೇ 5ರಷ್ಟು ಭದ್ರತೆ ಒದಗಿಸಬೇಕು. ಅದು 8 ಲಕ್ಷ ರೂಪಾಯಿ.

ಇಲ್ಲಿ ಎಡವುವುದು ಯಾವುದರ ಶೇ 5 ಎಂಬಲ್ಲಿ. ಟೆಂಡರಿಗೆ ಇಟ್ಟ ಅಂದಾಜು ಮೊತ್ತ ಬೇರೆ, ನೀವು ನಮೂದಿಸಿದ ದರ ಬೇರೆ, ಮಾತುಕತೆಯ ನಂತರ ಸ್ವೀಕೃತಿ ಪತ್ರದಲ್ಲಿ ಬಂದ ಮೊತ್ತ ಬೇರೆ. ಜಿ.ಎಸ್.ಟಿ. ಸೇರಿದೆಯೋ ಇಲ್ಲವೋ ಎಂಬುದೂ ಇದೆ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಸ್ವೀಕೃತಿ ಪತ್ರದ ಅಂಕಿಯನ್ನು. ಬಹಳ ಪತ್ರಗಳಲ್ಲಿ ಭದ್ರತೆಯ ಮೊತ್ತವನ್ನೇ ರೂಪಾಯಿಯಲ್ಲಿ ಬರೆದಿರುತ್ತಾರೆ. ಹಾಗಿದ್ದರೆ ಮರುಲೆಕ್ಕ ಮಾಡಲು ಹೋಗದೆ ಅದನ್ನೇ ನಕಲು ಮಾಡಿ. ಭಿನ್ನಾಂಶ ಬಂದರೆ ಮೇಲಕ್ಕೆ ಪೂರ್ಣ ಮಾಡಿ, ಕೆಳಕ್ಕೆ ಬೇಡ. ಹತ್ತು ರೂಪಾಯಿ ಕಡಿಮೆಯಾದ ಗ್ಯಾರಂಟಿಯನ್ನೂ ಲೆಕ್ಕಪತ್ರ ಶಾಖೆ ತಿರುಗಿಸಿ ಕಳಿಸುತ್ತದೆ, ಹಾಗೆ ಕಳಿಸುವುದು ಅವರ ಕರ್ತವ್ಯ.

ಇಲಾಖೆಯ ಅಂದಾಜಿಗಿಂತ ಬಹಳ ಕಡಿಮೆ ದರ ನಮೂದಿಸಿದ್ದರೆ ಹೆಚ್ಚುವರಿ ಭದ್ರತೆಯನ್ನೂ ಕೇಳಬಹುದು. ಕರ್ನಾಟಕದ ಕಾಮಗಾರಿ ಟೆಂಡರುಗಳಲ್ಲಿ ಇದು ಅಪರೂಪವೇನಲ್ಲ. ಎರಡನ್ನೂ ಸೇರಿಸಿ ಒಂದೇ ಗ್ಯಾರಂಟಿ ಮಾಡಿಸಿದರೆ ಒಂದು ಕಾಗದದ ಖರ್ಚು ಉಳಿಯುತ್ತದೆ, ಆದರೆ ಹೆಚ್ಚುವರಿ ಭದ್ರತೆ ಮೊದಲೇ ಬಿಡುಗಡೆಯಾಗುವಂತಿದ್ದರೂ ದೊಡ್ಡ ಕಾಗದದ ಜೊತೆ ಅದೂ ಕೊನೆಯವರೆಗೆ ಸಿಕ್ಕಿಕೊಂಡಿರುತ್ತದೆ. ಬಿಡುಗಡೆಯ ದಿನ ಬೇರೆಯಾದರೆ ಗ್ಯಾರಂಟಿಯೂ ಬೇರೆಯಾಗಿರಲಿ ಎಂಬುದು ನನ್ನ ಸಲಹೆ. ಮುಂಗಡ ಹಣ ಪಡೆಯಲು ಕೊಡುವ ಗ್ಯಾರಂಟಿಗೂ ಇದೇ ಮಾತು. 40 ಲಕ್ಷಕ್ಕೆ ಒಂದರ ಬದಲು 10 ಲಕ್ಷದ ನಾಲ್ಕು ಮಾಡಿಸಿದರೆ, ಬಿಲ್ಲುಗಳಲ್ಲಿ ಮುಂಗಡ ಕಡಿತವಾಗುತ್ತ ಹೋದಂತೆ ಒಂದೊಂದನ್ನೇ ವಾಪಸ್ ಪಡೆಯಬಹುದು.

ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಬೇಕು. ಬರೆದ ಮೇಲೆ ಎರಡನ್ನೂ ಗಟ್ಟಿಯಾಗಿ ಓದಿ. ನಮ್ಮ ಶಾಖೆಯಲ್ಲಿ ಒಬ್ಬ ಹಿರಿಯ ಅಧಿಕಾರಿ ಪ್ರತಿ ಗ್ಯಾರಂಟಿಯನ್ನೂ ಹಾಗೆ ಓದಿಯೇ ಸಹಿ ಹಾಕುತ್ತಿದ್ದರು. ಒಂದು ಸೊನ್ನೆ ಹೆಚ್ಚು ಬಿದ್ದದ್ದನ್ನು ಹಿಡಿದದ್ದು ಅವರ ಕಣ್ಣಲ್ಲ, ಕಿವಿ.

ಅವಧಿ, ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ಇಲ್ಲಿ

ನಮ್ಮ ಗುತ್ತಿಗೆದಾರರು ಪತ್ರದಲ್ಲಿ ಬರೆದಿದ್ದರು: "ಅವಧಿ ಒಂದು ವರ್ಷ." ಕೆಲಸ ಮುಗಿಸಲು ಕೊಟ್ಟದ್ದು 12 ತಿಂಗಳು, ಹಾಗಾಗಿ ಗ್ಯಾರಂಟಿಯೂ 12 ತಿಂಗಳು ಎಂದು ಅವರ ಲೆಕ್ಕ. ಇದು ಅವರೊಬ್ಬರ ತಪ್ಪಲ್ಲ, ಹತ್ತರಲ್ಲಿ ಐದಾರು ಮಂದಿ ಹೀಗೇ ಬರೆಯುತ್ತಾರೆ.

ಟೆಂಡರ್ ದಾಖಲೆಯಲ್ಲಿ ಗ್ಯಾರಂಟಿಯ ಷರತ್ತನ್ನು ಹುಡುಕಿ ಓದಿದಾಗ ಕಂಡದ್ದು ಬೇರೆ: ಭದ್ರತೆಯು ದೋಷ ಹೊಣೆಗಾರಿಕೆ ಅವಧಿ ಮುಗಿದ ನಂತರ 60 ದಿನಗಳವರೆಗೆ ಊರ್ಜಿತವಾಗಿರಬೇಕು. ಕಟ್ಟಡ ಒಪ್ಪಿಸಿದ ಮೇಲೆ ಬಿರುಕು ಬಿಟ್ಟರೆ, ತಾರಸಿ ಸೋರಿದರೆ ನಿಮ್ಮ ಖರ್ಚಿನಲ್ಲಿ ಸರಿಪಡಿಸಿಕೊಡಬೇಕಾದ ಕಾಲವೇ ದೋಷ ಹೊಣೆಗಾರಿಕೆ ಅವಧಿ. ಈ ಕೆಲಸಕ್ಕೆ ಅದು 24 ತಿಂಗಳು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲೂ ಇದೇ ರೀತಿಯ ಮಾತಿದೆ: ವಾರಂಟಿ ಸೇರಿದಂತೆ ಎಲ್ಲ ಹೊಣೆಗಳೂ ಮುಗಿದ ಮೇಲೆ 60 ದಿನ.

ಈಗ ಬೆರಳೆಣಿಸೋಣ. ಕೆಲಸ ಶುರು 2025ರ ಜುಲೈ 1. ಹನ್ನೆರಡು ತಿಂಗಳಿಗೆ 2026ರ ಜೂನ್ 30. ಅದಕ್ಕೆ 24 ತಿಂಗಳು ಸೇರಿಸಿದರೆ 2028ರ ಜೂನ್ 30. ಮತ್ತೆ 60 ದಿನ ಸೇರಿಸಿದರೆ 2028ರ ಆಗಸ್ಟ್ 29. ಗುತ್ತಿಗೆದಾರರು ಕೇಳಿದ್ದು ಒಂದು ವರ್ಷ, ಬೇಕಾಗಿದ್ದದ್ದು ಮೂರು ವರ್ಷ ಎರಡು ತಿಂಗಳು. ಒಂದು ವರ್ಷಕ್ಕೇ ಮಾಡಿಸಿಕೊಂಡು ಹೋಗಿದ್ದರೆ ಇಲಾಖೆ ಅದನ್ನು ಸ್ವೀಕರಿಸುತ್ತಿರಲಿಲ್ಲ.

ಪತ್ರದಲ್ಲಿ "ಒಂದು ವರ್ಷ", "36 ತಿಂಗಳು" ಎಂದು ಬರೆಯಲೇಬಾರದು. ತಿಂಗಳು ಯಾವ ದಿನದಿಂದ ಎಣಿಸಬೇಕೆಂಬ ಜಗಳಕ್ಕೆ ಅದು ದಾರಿ. ಇಸವಿ, ತಿಂಗಳು, ತಾರೀಕು ಸಮೇತ ಕೊನೆಯ ದಿನವನ್ನೇ ಬರೆಯಿರಿ.

ಇನ್ನೊಂದು ದಿನಾಂಕವಿದೆ. ಗ್ಯಾರಂಟಿಯ ಕೊನೆಯ ಪ್ಯಾರಾದಲ್ಲಿ, ಅಧಿಕಾರಿಗಳ ಸಹಿಗೆ ಸ್ವಲ್ಪ ಮೇಲೆ, "ಮೇಲೆ ಏನೇ ಹೇಳಿದ್ದರೂ" ಎಂದು ಶುರುವಾಗುವ ಮೂರು ವಾಕ್ಯಗಳಿರುತ್ತವೆ. ನಮ್ಮ ಹೊಣೆ ಇಷ್ಟು ರೂಪಾಯಿಗೆ ಸೀಮಿತ. ಈ ಗ್ಯಾರಂಟಿ ಇಂಥ ದಿನದವರೆಗೆ ಊರ್ಜಿತ. ಇಂಥ ದಿನದೊಳಗೆ ಲಿಖಿತ ಬೇಡಿಕೆ ನಮ್ಮ ಕೈ ಸೇರಿದರೆ ಮಾತ್ರ ಹಣ ಕೊಡುತ್ತೇವೆ. ಇಡೀ ದಾಖಲೆಯಲ್ಲಿ ಒಂದೇ ಪ್ಯಾರಾ ಓದುವಷ್ಟು ಸಮಯವಿದ್ದರೆ ಇದನ್ನು ಓದಿ. ಮೂರನೆಯ ವಾಕ್ಯದ ದಿನಾಂಕಕ್ಕೆ ಕ್ಲೇಮ್ ದಿನಾಂಕ ಎನ್ನುತ್ತಾರೆ. ಆಗಸ್ಟ್ 29ರ ಒಳಗೆ ನಡೆದ ತಪ್ಪಿಗೆ ಅದಾದ ಮೇಲೂ ಕೆಲವು ಕಾಲ ಹಣ ಕೇಳಲು ಇಲಾಖೆಗೆ ಇರುವ ಅವಕಾಶ ಅದು.

ಈ ಹೆಚ್ಚುವರಿ ಕಾಲ ಎಷ್ಟಿರಬೇಕು ಎಂಬುದರ ಹಿಂದೆ ಒಂದು ಗೊಂದಲದ ಕಥೆಯಿದೆ. ಹಕ್ಕು ಚಲಾಯಿಸುವ ಕಾಲವನ್ನು ಒಪ್ಪಂದದಲ್ಲೇ ಮೊಟಕು ಮಾಡುವುದನ್ನು ತಡೆಯುವ, ಒಪ್ಪಂದ ಕಾಯ್ದೆಯ 28ನೇ ಕಲಮಿಗೆ ಮೂರನೆಯ ವಿನಾಯಿತಿಯೊಂದನ್ನು ಸೇರಿಸಲಾಯಿತು. ಅದು 2013ರ ಜನವರಿ 18ರಿಂದ ಜಾರಿಯಲ್ಲಿದೆ. ನಿರ್ದಿಷ್ಟ ಘಟನೆ ನಡೆದ ದಿನದಿಂದ ಕನಿಷ್ಠ ಒಂದು ವರ್ಷ ಅವಕಾಶ ಕೊಟ್ಟಿದ್ದರೆ, ಅದಾದ ಮೇಲೆ ಹಕ್ಕು ಮುಗಿಯುತ್ತದೆಂದು ಬ್ಯಾಂಕು ಗ್ಯಾರಂಟಿಯಲ್ಲಿ ಬರೆಯಬಹುದು ಎಂಬುದು ಅದರ ಸಾರ. ಇದನ್ನು ಓದಿದ ಬ್ಯಾಂಕುಗಳು, ಕ್ಲೇಮ್ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇಟ್ಟರೆ ನಮ್ಮ ಹೊಣೆ ಮೂರು ವರ್ಷ, ಸರ್ಕಾರವಾದರೆ 30 ವರ್ಷದವರೆಗೂ ಎಳೆಯುತ್ತದೆ ಎಂದು ಹೆದರಿ, ಎಲ್ಲ ಗ್ರಾಹಕರಿಗೂ ಒಂದು ವರ್ಷ ಕಡ್ಡಾಯ ಮಾಡತೊಡಗಿದವು. 2021ರಲ್ಲಿ ಲಾರ್ಸನ್ ಅಂಡ್ ಟೂಬ್ರೊ ಕಂಪನಿ ಹೂಡಿದ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಇದನ್ನು ಬಿಡಿಸಿ ಹೇಳಿತು: ಆ ವಿನಾಯಿತಿ ಇರುವುದು ಹಣ ಕೊಡದಿದ್ದಾಗ ನ್ಯಾಯಾಲಯಕ್ಕೆ ಹೋಗುವ ಕಾಲಕ್ಕೆ ಸಂಬಂಧಿಸಿ, ಬ್ಯಾಂಕಿನ ಬಳಿ ಹಣ ಕೇಳುವ ಕಾಲಕ್ಕಲ್ಲ. ಕ್ಲೇಮ್ ಅವಧಿಯನ್ನು ಗುತ್ತಿಗೆದಾರರೂ ಇಲಾಖೆಯೂ ಒಪ್ಪಿ ಕಡಿಮೆ ಇಟ್ಟುಕೊಳ್ಳಬಹುದು.

ಗುತ್ತಿಗೆದಾರರಿಗೆ ಇದು ಬರೀ ಕಾನೂನಿನ ಚರ್ಚೆಯಲ್ಲ, ಕೈಯಿಂದ ಹೋಗುವ ದುಡ್ಡು. ಕ್ಲೇಮ್ ಅವಧಿಗೂ ಬಹಳ ಬ್ಯಾಂಕುಗಳು ಕಮಿಷನ್ ಹಿಡಿಯುತ್ತವೆ. ವರ್ಷಕ್ಕೆ ಶೇ 2 ಎಂದಿಟ್ಟುಕೊಂಡರೆ 8 ಲಕ್ಷಕ್ಕೆ ವರ್ಷಕ್ಕೆ 16 ಸಾವಿರ, ಮೂರು ತಿಂಗಳಿಗೆ 4 ಸಾವಿರ. ಮೂರು ತಿಂಗಳ ತುಂಡುಗಳಲ್ಲಿ ಲೆಕ್ಕ ಹಾಕುವ ಬ್ಯಾಂಕಾದರೆ, ಮೂರು ವರ್ಷ ಎರಡು ತಿಂಗಳಿಗೆ 13 ತುಂಡುಗಳು, 52,000 ರೂಪಾಯಿ. ಶೇ 18 ಜಿ.ಎಸ್.ಟಿ. ಸೇರಿ 61,360. ಒಂದು ವರ್ಷದ ಕ್ಲೇಮ್ ಅವಧಿ ಸೇರಿಸಿದರೆ 17 ತುಂಡುಗಳು, ಜಿ.ಎಸ್.ಟಿ. ಸಮೇತ 80,240. ವ್ಯತ್ಯಾಸ 18,880 ರೂಪಾಯಿ. ಈ ಕಮಿಷನ್ ಸಾಮಾನ್ಯವಾಗಿ ಮುಂಗಡವಾಗಿಯೇ ಖಾತೆಯಿಂದ ಕಡಿತವಾಗುತ್ತದೆ. ಹಾಗಾಗಿ ಟೆಂಡರ್ ದಾಖಲೆ ಕ್ಲೇಮ್ ಅವಧಿಯ ಬಗ್ಗೆ ಏನು ಹೇಳಿದೆ, ನಿಮ್ಮ ಬ್ಯಾಂಕಿನ ನಿಯಮ ಏನು ಎಂಬುದನ್ನು ಪತ್ರ ಬರೆಯುವ ಮೊದಲೇ ಕೇಳಿ. ಟೆಂಡರಿಗೆ ದರ ಹಾಕುವಾಗಲೇ ಈ ಖರ್ಚನ್ನು ಸೇರಿಸಿಕೊಳ್ಳುವವರು ನಾನು ಕಂಡಂತೆ ಬಹಳ ಕಡಿಮೆ. ಸಿಮೆಂಟು, ಕಬ್ಬಿಣದ ಲೆಕ್ಕದಲ್ಲಿ ಇದಕ್ಕೂ ಒಂದು ಸಾಲು ಇರಬೇಕು.

ನಮ್ಮ ಉದಾಹರಣೆಯಲ್ಲಿ ಬ್ಯಾಂಕು ಒಂದು ವರ್ಷವನ್ನೇ ಕೇಳಿತೆಂದುಕೊಳ್ಳೋಣ. ಕ್ಲೇಮ್ ದಿನಾಂಕ 2029ರ ಆಗಸ್ಟ್ 29.

ಯಾರ ಹೆಸರಿಗೆ

ಮನವಿ ಪತ್ರಗಳಲ್ಲಿ ಫಲಾನುಭವಿ ಎಂಬಲ್ಲಿ ಬರೀ ಇಲಾಖೆಯ ಹೆಸರಿರುತ್ತದೆ, ಇಲ್ಲವೇ ಕೆಲಸದ ಜಾಗದಲ್ಲಿ ದಿನವೂ ಕಾಣುವ ಅಧಿಕಾರಿಯ ಹುದ್ದೆ ಇರುತ್ತದೆ. ನಮ್ಮ ಗುತ್ತಿಗೆದಾರರು ಉಪವಿಭಾಗದ ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಎಂದು ಬರೆದಿದ್ದರು. ಅಳತೆ ಪುಸ್ತಕಕ್ಕೆ ಬರೆಯಿಸುವುದು, ಬಿಲ್ ಕೊಡುವುದು ಎಲ್ಲವೂ ಆ ಕಚೇರಿಯಲ್ಲೇ ಆದ್ದರಿಂದ ಅವರಿಗೆ ಇಲಾಖೆ ಎಂದರೆ ಅದೇ. ಆದರೆ ಒಪ್ಪಂದಕ್ಕೆ ಸಹಿ ಹಾಕುವವರು ವಿಭಾಗದ ಕಾರ್ಯಪಾಲಕ ಇಂಜಿನಿಯರ್. ಟೆಂಡರಿನ ಮಾದರಿಯಲ್ಲಿ ಇದ್ದದ್ದೂ ಅವರ ಹುದ್ದೆಯೇ.

ಇಂಥ ವಿಷಯಕ್ಕೆ ಇಲಾಖೆಗಳು ಯಾಕೆ ಇಷ್ಟು ಪಟ್ಟು ಹಿಡಿಯುತ್ತವೆ ಎಂದು ಕೇಳಬಹುದು. 1999ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಹಿಂದೂಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿ ಮತ್ತು ಬಿಹಾರ ಸರ್ಕಾರದ ಪ್ರಕರಣವನ್ನು ನೋಡಿ. ಗ್ಯಾರಂಟಿಯ ಪ್ರಕಾರ ಹಣ ಕೇಳುವ ಅಧಿಕಾರ ಮುಖ್ಯ ಇಂಜಿನಿಯರ್ ಅವರದು. ಹಣ ಕೊಡಿ ಎಂದು ಬ್ಯಾಂಕಿಗೆ ಬರೆದವರು ಕಾರ್ಯಪಾಲಕ ಇಂಜಿನಿಯರ್. ಆ ಬೇಡಿಕೆ ಗ್ಯಾರಂಟಿಯ ಷರತ್ತಿಗೆ ಅನುಗುಣವಾಗಿಲ್ಲ ಎಂದು ನ್ಯಾಯಾಲಯ ಹೇಳಿತು. ಇಬ್ಬರೂ ಒಂದೇ ಸರ್ಕಾರದ ಅಧಿಕಾರಿಗಳೆಂಬ ವಾದ ನಿಲ್ಲಲಿಲ್ಲ. ಬ್ಯಾಂಕ್ ಗ್ಯಾರಂಟಿಯಲ್ಲಿ ಅಕ್ಷರವೇ ಎಲ್ಲ. ಹೆಸರು ತಪ್ಪಿದ ಗ್ಯಾರಂಟಿಯನ್ನು ಸ್ವೀಕರಿಸಿದ ಅಧಿಕಾರಿ ನಾಳೆ ಹಣ ಕೈಗೆ ಬಾರದಿದ್ದರೆ ತಾನೇ ಉತ್ತರ ಹೇಳಬೇಕಾಗುತ್ತದೆ.

ಆದ್ದರಿಂದ ಫಲಾನುಭವಿಯ ವಿವರವನ್ನು ನೆನಪಿನಿಂದ ಬರೆಯಬಾರದು. ಟೆಂಡರ್ ದಾಖಲೆಯ ಕೊನೆಯಲ್ಲಿರುವ ಗ್ಯಾರಂಟಿ ಮಾದರಿಯನ್ನು ತೆರೆದು, ಅಲ್ಲಿರುವ ಹುದ್ದೆ, ವಿಭಾಗ, ಪೂರ್ಣ ವಿಳಾಸವನ್ನು ಹಾಗೆಯೇ ನಕಲು ಮಾಡಿ. ಕೆಲವು ಮಾದರಿಗಳಲ್ಲಿ "ಕರ್ನಾಟಕದ ರಾಜ್ಯಪಾಲರ ಪರವಾಗಿ" ಎಂದಿರುತ್ತದೆ. ಸಂವಿಧಾನದ 299ನೇ ವಿಧಿಯಂತೆ ರಾಜ್ಯದ ಒಪ್ಪಂದಗಳು ರಾಜ್ಯಪಾಲರ ಹೆಸರಿನಲ್ಲೇ ನಡೆಯುವುದರಿಂದ ಅದು ಬರೀ ಅಲಂಕಾರದ ಮಾತಲ್ಲ, ಬಿಡಬೇಡಿ. ಅಧಿಕಾರಿಯ ಸ್ವಂತ ಹೆಸರು ಮಾತ್ರ ಬೇಡ. ಅವರು ವರ್ಗವಾಗಿ ಹೋಗುತ್ತಾರೆ, ಹುದ್ದೆ ಉಳಿಯುತ್ತದೆ.

ವಿಳಾಸದ ಜೊತೆ ಫಲಾನುಭವಿಯ ಬ್ಯಾಂಕ್ ಶಾಖೆ ಮತ್ತು ಅದರ ಐಎಫ್‌ಎಸ್‌ಸಿ ಸಂಖ್ಯೆಯೂ ಬೇಕು. ಖೋಟಾ ಗ್ಯಾರಂಟಿಗಳ ಕಾಟದಿಂದಾಗಿ ಕಾಗದವೊಂದನ್ನೇ ಈಗ ಯಾರೂ ನಂಬುವುದಿಲ್ಲ. ಗ್ಯಾರಂಟಿ ಕೊಟ್ಟ ಬ್ಯಾಂಕು ಎಸ್‌ಎಫ್‌ಎಂಎಸ್ ಎಂಬ ಬ್ಯಾಂಕುಗಳ ಒಳಗಿನ ಸಂದೇಶ ಜಾಲದ ಮೂಲಕ ಫಲಾನುಭವಿಯ ಬ್ಯಾಂಕಿಗೆ ದೃಢೀಕರಣ ಕಳಿಸುತ್ತದೆ. ಪರದೆಯ ಮೇಲೆ ಆ ಸಂದೇಶದ ಹೆಸರು IFN 760COV. ಅವಧಿ ವಿಸ್ತರಣೆಯಂಥ ತಿದ್ದುಪಡಿಗೆ IFN 767COV. ಐಎಫ್‌ಎಸ್‌ಸಿ ಒಂದಕ್ಷರ ತಪ್ಪಿದರೂ ಸಂದೇಶ ಎಲ್ಲೋ ಹೋಗಿ ಕೂರುತ್ತದೆ. ಕಾಗದ ಇಲಾಖೆಯಲ್ಲಿರುತ್ತದೆ, ದೃಢೀಕರಣ ಬಂದಿಲ್ಲವೆಂದು ಕಡತ ಮುಂದೆ ಹೋಗುವುದಿಲ್ಲ. ಇದು ವಿಭಾಗದ ಲೆಕ್ಕಪತ್ರ ಶಾಖೆಯಿಂದ ಸಿಗುವ ಮಾಹಿತಿ. ಸ್ವೀಕೃತಿ ಪತ್ರ ತರಲು ಹೋದ ದಿನವೇ ಕೇಳಿ ಬರೆದುಕೊಳ್ಳಿ. ಸಂದೇಶ ಹೋದ ಮೇಲೆ ಅದರ ಪ್ರತಿಯನ್ನು ಬ್ಯಾಂಕಿನಿಂದ ಪಡೆದು ಮೂಲ ಗ್ಯಾರಂಟಿಯ ಜೊತೆ ಇಟ್ಟುಕೊಡಿ.

2022ರಿಂದ ಇ-ಗ್ಯಾರಂಟಿಯೂ ಬಂದಿದೆ. ಎನ್‌ಇಎಸ್‌ಎಲ್ ಸಂಸ್ಥೆಯ ವೇದಿಕೆಯಲ್ಲಿ ಛಾಪಾ ಶುಲ್ಕ, ಸಹಿ ಎರಡೂ ವಿದ್ಯುನ್ಮಾನದಲ್ಲೇ ಆಗಿ ನೇರವಾಗಿ ಫಲಾನುಭವಿಗೆ ತಲುಪುತ್ತದೆ, ಬೇರೆ ದೃಢೀಕರಣ ಬೇಡ. ನಿಮ್ಮ ಬ್ಯಾಂಕೂ ಇಲಾಖೆಯೂ ಎರಡೂ ಕಡೆ ಅದಕ್ಕೆ ಸಿದ್ಧವಿದ್ದರೆ ಖಂಡಿತ ಅದನ್ನೇ ಕೇಳಿ.

ಪತ್ರ

ಇಷ್ಟನ್ನೂ ಒಂದು ಪುಟದಲ್ಲಿ ಹೀಗೆ ಬರೆಯಬಹುದು.

> ಗೆ,
> ಶಾಖಾ ವ್ಯವಸ್ಥಾಪಕರು, ………… ಬ್ಯಾಂಕ್, ………… ಶಾಖೆ
>
> ದಿನಾಂಕ: 16-06-2025
>
> ಮಾನ್ಯರೇ,
>
> ವಿಷಯ: ವಿದ್ಯಾರ್ಥಿನಿಲಯ ಕಟ್ಟಡ ಕಾಮಗಾರಿಗೆ 8,00,000 ರೂ. ಮೊತ್ತದ ಕಾರ್ಯನಿರ್ವಹಣಾ ಬ್ಯಾಂಕ್ ಗ್ಯಾರಂಟಿ ನೀಡುವಂತೆ ಕೋರಿಕೆ
> ಉಲ್ಲೇಖ: ಸ್ವೀಕೃತಿ ಪತ್ರ ಸಂಖ್ಯೆ …………, ದಿನಾಂಕ 10-06-2025; ನಮ್ಮ ಗ್ಯಾರಂಟಿ ಮಿತಿ ಖಾತೆ ಸಂಖ್ಯೆ …………
>
> ಮೇಲಿನ ಕಾಮಗಾರಿ 1,60,00,000 ರೂ. ಮೊತ್ತಕ್ಕೆ ನಮಗೆ ಮಂಜೂರಾಗಿದೆ. ಒಪ್ಪಂದದ ………ನೇ ಷರತ್ತಿನಂತೆ 30-06-2025ರೊಳಗೆ ಭದ್ರತೆ ಸಲ್ಲಿಸಬೇಕಿದೆ. ಆದ್ದರಿಂದ ಈ ಕೆಳಗಿನ ವಿವರದಂತೆ, ಲಗತ್ತಿಸಿರುವ ಮಾದರಿಯಲ್ಲೇ, ಬ್ಯಾಂಕ್ ಗ್ಯಾರಂಟಿ ನೀಡಬೇಕೆಂದು ಕೋರುತ್ತೇವೆ.
>
> ಮೊತ್ತ: 8,00,000 ರೂ. (ಎಂಟು ಲಕ್ಷ ರೂಪಾಯಿ ಮಾತ್ರ)
> ಫಲಾನುಭವಿ: ಕಾರ್ಯಪಾಲಕ ಇಂಜಿನಿಯರ್, ………… ವಿಭಾಗ, ………… (ಪಿನ್ ಸಹಿತ ಪೂರ್ಣ ವಿಳಾಸ)
> ಊರ್ಜಿತ ಅವಧಿ: ನೀಡಿದ ದಿನದಿಂದ 29-08-2028ರವರೆಗೆ
> ಬೇಡಿಕೆ ಸಲ್ಲಿಸಲು ಕೊನೆಯ ದಿನ: 29-08-2029
> ಫಲಾನುಭವಿಯ ಬ್ಯಾಂಕ್, ಶಾಖೆ, ಐಎಫ್‌ಎಸ್‌ಸಿ: …………
>
> ಶೇ 25 ಮಾರ್ಜಿನ್ ಆಗಿ 2,00,000 ರೂ. ನಿಶ್ಚಿತ ಠೇವಣಿ (ಸಂಖ್ಯೆ …………) ಮೇಲೆ ಹಕ್ಕು ಗುರುತಿಸಿಕೊಳ್ಳಲು ಹಾಗೂ ಕಮಿಷನ್, ತೆರಿಗೆ ಮತ್ತು ಇತರ ಶುಲ್ಕಗಳನ್ನು ನಮ್ಮ ಚಾಲ್ತಿ ಖಾತೆ ಸಂಖ್ಯೆ …………ಯಿಂದ ಕಡಿತ ಮಾಡಲು ಒಪ್ಪಿಗೆ ನೀಡುತ್ತೇವೆ. ಪ್ರತಿ-ಖಾತರಿ ಪತ್ರವನ್ನು ಸಹಿ ಮಾಡಿ ಲಗತ್ತಿಸಿದ್ದೇವೆ. ಅಂತಿಮ ಮುದ್ರಣಕ್ಕೆ ಮೊದಲು ಕರಡನ್ನು ನಮಗೆ ತೋರಿಸಬೇಕೆಂದು ವಿನಂತಿ.
>
> ಇಂತಿ,
> (ಮಾಲೀಕರ / ಅಧಿಕೃತ ಪಾಲುದಾರರ ಸಹಿ ಮತ್ತು ಮೊಹರು)

ಜೊತೆಗೆ ಸ್ವೀಕೃತಿ ಪತ್ರದ ಪ್ರತಿ, ಭದ್ರತೆಯ ಷರತ್ತಿರುವ ಟೆಂಡರ್ ಪುಟ, ಇಲಾಖೆಯ ಗ್ಯಾರಂಟಿ ಮಾದರಿ, ಕೈಯಲ್ಲಿರುವ ಇತರ ಕಾಮಗಾರಿಗಳ ಪಟ್ಟಿ ಇಡಿ. ಪಾಲುದಾರಿಕೆ ಸಂಸ್ಥೆಯಾದರೆ ಅಧಿಕಾರ ಪತ್ರ, ಕಂಪನಿಯಾದರೆ ಆಡಳಿತ ಮಂಡಳಿಯ ನಿರ್ಣಯ ಬೇಕು. ಪ್ರತಿ-ಖಾತರಿ ಪತ್ರವೆಂದರೆ, ಬ್ಯಾಂಕು ಇಲಾಖೆಗೆ ಕೊಟ್ಟ ಹಣವನ್ನು ನಾನು ಬ್ಯಾಂಕಿಗೆ ಮರಳಿ ಕೊಡುತ್ತೇನೆ ಎಂದು ನೀವು ಬರೆದುಕೊಡುವುದು. ನಾಳೆ ಹಣ ಹೋದರೆ ಬ್ಯಾಂಕು ಮೊದಲು ಠೇವಣಿ ಮುರಿದುಕೊಂಡು, ಉಳಿದ 6 ಲಕ್ಷವನ್ನು ನಿಮ್ಮ ಸಾಲವಾಗಿ ಬರೆದುಕೊಳ್ಳುವುದು ಇದರ ಬಲದಿಂದಲೇ.

ಪತ್ರದಲ್ಲಿ ನಾನು ಬಹಳ ಮುಖ್ಯವೆಂದು ಎಣಿಸುವುದು ಕರಡು ತೋರಿಸಿ ಎಂಬ ಕೊನೆಯ ವಿನಂತಿ. ಛಾಪಾ ಕಾಗದದ ಮೇಲೆ ಮುದ್ರಣವಾಗಿ ಇಬ್ಬರು ಅಧಿಕಾರಿಗಳ ಸಹಿ ಬಿದ್ದ ಮೇಲೆ ತಿದ್ದುವುದು ಕಷ್ಟ. ಕರಡನ್ನು ಬಿಳಿ ಹಾಳೆಯಲ್ಲಿ ತೆಗೆದುಕೊಂಡು ವಿಭಾಗದ ಲೆಕ್ಕಪತ್ರ ಶಾಖೆಗೆ ಹೋಗಿ ತೋರಿಸಿ. ಅರ್ಧ ದಿನದ ಕೆಲಸ, ಒಂದು ವಾರ ಉಳಿಯುತ್ತದೆ. ಛಾಪಾ ಕಾಗದ ಯಾರ ಹೆಸರಿನಲ್ಲಿ ಕೊಳ್ಳಬೇಕು, ಎಷ್ಟು ಮೌಲ್ಯದ್ದು ಎಂಬುದನ್ನೂ ಬ್ಯಾಂಕಿನಲ್ಲಿ ಕೇಳಿಯೇ ಕೊಳ್ಳಿ. ಈ ಶುಲ್ಕ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಆಗಾಗ ಬದಲಾಗುತ್ತಲೂ ಇರುತ್ತದೆ.

ಕೊಟ್ಟ ಮೇಲೆ

ಕೆಲಸ ತಡವಾಗಿ ಇಲಾಖೆ ಕಾಲಾವಕಾಶ ಹೆಚ್ಚಿಸಿದರೆ ಗ್ಯಾರಂಟಿಯೂ ಉದ್ದವಾಗಬೇಕು. ಕಟ್ಟಡ ಆರು ತಿಂಗಳು ತಡವಾಗಿ ಮುಗಿದರೆ ದೋಷ ಹೊಣೆಗಾರಿಕೆಯೂ ಆರು ತಿಂಗಳು ಮುಂದೆ ಹೋಗುತ್ತದೆ, 2028ರ ಆಗಸ್ಟ್ ಸಾಲುವುದಿಲ್ಲ. ವಿಸ್ತರಣೆಗೆ ಬ್ಯಾಂಕಿಗೆ ಮತ್ತೊಂದು ಪತ್ರ ಬೇಕು: ಮೂಲ ಗ್ಯಾರಂಟಿಯ ಸಂಖ್ಯೆ, ಈಗಿನ ಕೊನೆಯ ದಿನ, ಹೊಸ ಕೊನೆಯ ದಿನ, ಇಲಾಖೆಯ ಆದೇಶದ ಪ್ರತಿ. ಅವಧಿ ಮುಗಿಯಲು ಒಂದೂವರೆ ತಿಂಗಳಿರುವಾಗಲೇ ಕೊಡಿ. ಕೊನೆಯ ವಾರದವರೆಗೂ ವಿಸ್ತರಣೆ ಬಾರದಿದ್ದರೆ ಇಲಾಖೆ ಬ್ಯಾಂಕಿಗೆ "ಅವಧಿ ವಿಸ್ತರಿಸಿ, ಇಲ್ಲವೇ ಹಣ ಕೊಡಿ" ಎಂದು ಬರೆಯುತ್ತದೆ. ಆ ಪತ್ರವನ್ನು ಬ್ಯಾಂಕು ಬೇಡಿಕೆಯೆಂದೇ ಪರಿಗಣಿಸಬೇಕಾಗುತ್ತದೆ. ತಪ್ಪಿಲ್ಲದ ಗುತ್ತಿಗೆದಾರರ ಹಣ ಹೋಗುವುದನ್ನು ನಾನು ಕಂಡಿರುವುದು ಹೆಚ್ಚಾಗಿ ಈ ಒಂದು ಕಾರಣಕ್ಕೆ.

ಎಲ್ಲವೂ ಸರಿಯಾಗಿ ಮುಗಿದ ಮೇಲೂ ಮೂಲ ಗ್ಯಾರಂಟಿ ತಾನಾಗಿ ವಾಪಸ್ ಬರುವುದಿಲ್ಲ. ಒಬ್ಬ ಗುತ್ತಿಗೆದಾರರ ಎರಡು ಲಕ್ಷದ ಠೇವಣಿ, ಊರ್ಜಿತ ಅವಧಿ ಮುಗಿದ ಮೇಲೂ ಬಹಳ ಕಾಲ ನಮ್ಮಲ್ಲಿ ಕಟ್ಟಿಬಿದ್ದಿತ್ತು. ಕ್ಲೇಮ್ ದಿನಾಂಕ ಇನ್ನೂ ಇತ್ತು, ಮೂಲ ಕಾಗದ ಇಲಾಖೆಯ ಕಡತದಲ್ಲಿತ್ತು. ಮೂಲ ಪ್ರತಿಯೋ ಇಲಾಖೆಯ ಬಿಡುಗಡೆ ಪತ್ರವೋ ಇಲ್ಲದೆ ಆ ದಿನಾಂಕಕ್ಕೆ ಮೊದಲು ಠೇವಣಿಯ ಮೇಲಿನ ಹಕ್ಕನ್ನು ಬಿಡಲು ನಮಗೆ ಬರುತ್ತಿರಲಿಲ್ಲ. ಅವರು ದೋಷ ಹೊಣೆಗಾರಿಕೆ ಮುಗಿದ ಪ್ರಮಾಣಪತ್ರ ಲಗತ್ತಿಸಿ, ಗ್ಯಾರಂಟಿ ಸಂಖ್ಯೆ ನಮೂದಿಸಿ, ಮೂಲ ಪ್ರತಿ ಹಿಂದಿರುಗಿಸಲು ಕೋರಿ ವಿಭಾಗಕ್ಕೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಂಡರು. ಹನ್ನೊಂದನೆಯ ದಿನ ಕಾಗದ ಕೈಗೆ ಬಂತು. ಅದನ್ನು ಮೇಜಿನ ಮೇಲಿಟ್ಟ ಮಧ್ಯಾಹ್ನವೇ ನಾವು ಅದರ ಮೇಲೆ ರದ್ದು ಎಂದು ಅಡ್ಡಗೆರೆ ಎಳೆದು, ಠೇವಣಿಯನ್ನು ಬಿಟ್ಟುಕೊಟ್ಟೆವು.